ಟಿ-ಪರೀಕ್ಷೆಯ ಔಟ್‌ಪುಟ್ ಕೈಯಲ್ಲಿದೆ, ನಾಲ್ಕನೇ ಅಧ್ಯಾಯ ಬರೆಯುವುದು ಹೇಗೆ?

ಎಂ.ಎಡ್. ಡಿಸರ್ಟೇಶನ್‌ನ ನಾಲ್ಕನೇ ಅಧ್ಯಾಯಕ್ಕೆ ಬಂದಾಗ ಬಹಳಷ್ಟು ಜನ ಮಾಡುವುದು ಒಂದೇ ಕೆಲಸ. ಎಸ್‌ಪಿಎಸ್‌ಎಸ್ ಕೊಟ್ಟ ಕೋಷ್ಟಕವನ್ನು ಹಾಗೇ ಅಂಟಿಸುತ್ತಾರೆ. ಕೆಳಗೆ ‘ಮೇಲಿನ ಕೋಷ್ಟಕದಿಂದ ತಿಳಿದುಬರುವುದೇನೆಂದರೆ’ ಎಂದು ಶುರುಮಾಡಿ, ಕೋಷ್ಟಕದಲ್ಲಿರುವ ಅಂಕಿಗಳನ್ನೇ ಇನ್ನೊಮ್ಮೆ ಬರೆಯುತ್ತಾರೆ. ಕೊನೆಗೆ ‘ಆದ್ದರಿಂದ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲಾಗಿದೆ’ ಎಂದು ಮುಗಿಸುತ್ತಾರೆ. ಓದಿದವರಿಗೆ ಮಕ್ಕಳು ಎಷ್ಟು ಕಲಿತರು ಅನ್ನುವುದೇ ಗೊತ್ತಾಗುವುದಿಲ್ಲ.

ಎಲ್ಲ ಪರೀಕ್ಷೆಗಳನ್ನೂ ಇಲ್ಲಿ ಹೇಳಲು ಹೋಗುವುದಿಲ್ಲ. ನಮ್ಮ ಎಂ.ಎಡ್. ಪ್ರಬಂಧಗಳಲ್ಲಿ ತುಂಬಾ ಬಳಕೆಯಲ್ಲಿರುವ ಒಂದನ್ನೇ, ಅಂದರೆ ಎರಡು ಗುಂಪುಗಳ ಟಿ-ಪರೀಕ್ಷೆಯನ್ನೇ, ಔಟ್‌ಪುಟ್‌ನಿಂದ ಪ್ಯಾರಾದವರೆಗೆ ನಿಧಾನವಾಗಿ ನೋಡೋಣ.

ಉದಾಹರಣೆ ಹೀಗಿದೆ. 7ನೇ ತರಗತಿಯ ಎರಡು ವಿಭಾಗಗಳು. ಒಂದು ವಿಭಾಗದ 32 ಮಕ್ಕಳಿಗೆ ಭಿನ್ನರಾಶಿಯನ್ನು ಕಾಗದ ಮಡಚುವ ಚಟುವಟಿಕೆಗಳ ಮೂಲಕ ಕಲಿಸಲಾಯಿತು. ಇನ್ನೊಂದು ವಿಭಾಗದ 30 ಮಕ್ಕಳಿಗೆ ಎಂದಿನಂತೆ ಕಪ್ಪುಹಲಗೆಯ ಪಾಠ. ಕೊನೆಗೆ ಇಬ್ಬರಿಗೂ 30 ಅಂಕಗಳ ಒಂದೇ ಪರೀಕ್ಷೆ. ಈ ಅಧ್ಯಯನ ಎಲ್ಲೂ ನಡೆದದ್ದಲ್ಲ, ಅಂಕಿಗಳನ್ನು ಅಭ್ಯಾಸಕ್ಕೆಂದು ನಾನೇ ಕಟ್ಟಿದ್ದೇನೆ. ಆದರೆ ಒಂದಕ್ಕೊಂದು ಹೊಂದುವಂತೆ ಕಟ್ಟಿರುವುದರಿಂದ ನೀವು ಕ್ಯಾಲ್ಕ್ಯುಲೇಟರ್ ಹಿಡಿದು ಲೆಕ್ಕ ತಾಳೆ ನೋಡಬಹುದು.

ಔಟ್‌ಪುಟ್ ತೆರೆಯುವ ಮೊದಲು ಖಾಲಿ ವಾಕ್ಯ ಬರೆದಿಡಿ

ಎಸ್‌ಪಿಎಸ್‌ಎಸ್ ತೆರೆಯುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಪ್ರಶ್ನೆಯನ್ನು ಸಾದಾ ಮಾತಿನಲ್ಲಿ ಬರೆಯಿರಿ. ‘ಕಾಗದ ಮಡಚಿ ಕಲಿತ ಮಕ್ಕಳು ಭಿನ್ನರಾಶಿಯ ಪರೀಕ್ಷೆಯಲ್ಲಿ ಉಳಿದವರಿಗಿಂತ ಜಾಸ್ತಿ ಅಂಕ ಪಡೆದರೇ? ಎಷ್ಟು ಜಾಸ್ತಿ?’ ಅದರ ಕೆಳಗೆ ಉತ್ತರದ ವಾಕ್ಯವನ್ನು ಖಾಲಿ ಜಾಗ ಬಿಟ್ಟು ಬರೆಯಿರಿ:

‘ಪ್ರಾಯೋಗಿಕ ಗುಂಪಿನ ಸರಾಸರಿ ___, ನಿಯಂತ್ರಿತ ಗುಂಪಿನ ಸರಾಸರಿ ___. ವ್ಯತ್ಯಾಸ ___ ಅಂಕ. ನಿಜವಾದ ವ್ಯತ್ಯಾಸ ___ರಿಂದ ___ರ ನಡುವೆ ಇರಬಹುದು.’

ಈಗ ಔಟ್‌ಪುಟ್ ತೆರೆದರೆ ನೀವು ಅದರಲ್ಲಿ ಏನನ್ನೋ ಹುಡುಕುತ್ತಿದ್ದೀರಿ. ಟಿ-ಪರೀಕ್ಷೆಯೊಂದಕ್ಕೆ ಎಸ್‌ಪಿಎಸ್‌ಎಸ್ ಮೂವತ್ತಕ್ಕೂ ಹೆಚ್ಚು ಅಂಕಿಗಳನ್ನು ಕೊಡುತ್ತದೆ. ನಿಮ್ಮ ಪ್ಯಾರಾಗೆ ಬೇಕಾಗುವುದು ಹನ್ನೆರಡರ ಆಸುಪಾಸು. ಉಳಿದದ್ದು ಅನುಬಂಧಕ್ಕೆ ಹೋಗಲಿ.

ಮೊದಲ ಕೋಷ್ಟಕ: ಇದು ನಿಮ್ಮದೇ ದತ್ತಾಂಶವೇ?

ಎಲ್ಲರೂ ನೇರವಾಗಿ `Sig.` ಹುಡುಕಿಕೊಂಡು ಹೋಗುತ್ತಾರೆ. ದಯವಿಟ್ಟು ಮೊದಲು `Group Statistics` ಕೋಷ್ಟಕದಲ್ಲಿ ನಿಲ್ಲಿ. ನಮ್ಮ ಉದಾಹರಣೆಯಲ್ಲಿ ಅದು ಹೀಗಿರುತ್ತದೆ:

```
              N    Mean      Std. Deviation   Std. Error Mean
Prayogika     32   19.8438   4.62189          .81704
Niyantrita    30   17.1000   5.37780          .98185
```

ಇಲ್ಲಿ ಮೂರು ವಿಷಯ ನೋಡಬೇಕು. ಮೊದಲನೆಯದು `N`. ಮೂರನೇ ಅಧ್ಯಾಯದಲ್ಲಿ ನೀವು 64 ಮಕ್ಕಳು ಎಂದು ಬರೆದಿದ್ದು, ಇಲ್ಲಿ 62 ಇದ್ದರೆ ಆ ಇಬ್ಬರು ಎಲ್ಲಿ ಹೋದರು ಎಂದು ಬರೆಯಲೇಬೇಕು. ಪರೀಕ್ಷೆಯ ದಿನ ಗೈರಾಗಿದ್ದರೆ ‘ಉತ್ತರ ಪರೀಕ್ಷೆಗೆ ಇಬ್ಬರು ಹಾಜರಾಗಿರಲಿಲ್ಲ’ ಎಂಬ ಒಂದು ವಾಕ್ಯ ಸಾಕು. ಬರೆಯದಿದ್ದರೆ ವೈವಾದಲ್ಲಿ ಮೊದಲ ಪ್ರಶ್ನೆ ಇದೇ ಆಗುತ್ತದೆ.

ಎರಡನೆಯದು, ಸರಾಸರಿ ಮತ್ತು ಮಾನಕ ವಿಚಲನೆ ನಂಬುವಂತಿವೆಯೇ ಅನ್ನುವುದು. ಗೈರಾದ ಮಕ್ಕಳಿಗೆ 99 ಎಂದು ಟೈಪ್ ಮಾಡುವ ಅಭ್ಯಾಸ ನಮ್ಮಲ್ಲಿದೆ. `Variable View`ನ `Missing` ಕಾಲಂನಲ್ಲಿ ಅದನ್ನು ತಿಳಿಸಲು ಮರೆತರೆ, ಎಸ್‌ಪಿಎಸ್‌ಎಸ್ ಆ 99ನ್ನು ನಿಜವಾದ ಅಂಕವೆಂದೇ ಲೆಕ್ಕ ಹಾಕುತ್ತದೆ. 32 ಮಕ್ಕಳಲ್ಲಿ ಮೂವರಿಗೆ ಹೀಗಾದರೆ ಸರಾಸರಿ 20ರಿಂದ 27ಕ್ಕೆ ಹಾರುತ್ತದೆ, ಮಾನಕ ವಿಚಲನೆ 24ರ ಹತ್ತಿರ ಹೋಗುತ್ತದೆ. 30 ಅಂಕದ ಪರೀಕ್ಷೆಯಲ್ಲಿ ವಿಚಲನೆ 24 ಬರಲು ಸಾಧ್ಯವೇ ಇಲ್ಲ. ಆರ್‌ನಲ್ಲಿ ಕೆಲಸ ಮಾಡುವವರು ದತ್ತಾಂಶಕ್ಕೆ `d` ಎಂದು ಹೆಸರಿಟ್ಟು `summary(d)` ಕೊಟ್ಟು `Max.` ನೋಡಿದರೆ ಈ ತಪ್ಪು ಒಂದೇ ನೋಟಕ್ಕೆ ಸಿಗುತ್ತದೆ.

ಮೂರನೆಯದು ಕೊನೆಯ ಕಾಲಂ. `Std. Error Mean` ಅನ್ನುವುದು ಮಾನಕ ವಿಚಲನೆ ಅಲ್ಲ. ಎರಡೂ ಪಕ್ಕಪಕ್ಕದಲ್ಲೇ ಇರುವುದರಿಂದ 0.82ನ್ನು ವಿಚಲನೆ ಎಂದು ಬರೆದ ಪ್ರಬಂಧಗಳನ್ನು ನಾನು ನೋಡಿದ್ದೇನೆ. ಹಾಗೆ ಬರೆದರೆ ತರಗತಿಯ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ಅಂಕ ಪಡೆದರು ಎಂಬ ಅರ್ಥ ಬರುತ್ತದೆ. ಪ್ಯಾರಾಗೆ ಬೇಕಾದದ್ದು 4.62 ಮತ್ತು 5.38.

ಎರಡನೇ ಕೋಷ್ಟಕ: ಯಾವ `Sig.`?

ತಪ್ಪುಗಳು ಜಾಸ್ತಿ ಆಗುವುದು ಇಲ್ಲೇ. ಹಾಗಾಗಿ ಸ್ವಲ್ಪ ಹೊತ್ತು ನಿಲ್ಲೋಣ. `Independent Samples Test` ಕೋಷ್ಟಕದ ಎಡಭಾಗ ಹೀಗಿರುತ್ತದೆ:

```
                              F      Sig.   t      df      Sig. (2-tailed)
Equal variances assumed       1.240  .270   2.159  60      .035
Equal variances not assumed                 2.148  57.345  .036
```

ಎಡದಿಂದ ಓದುತ್ತಾ ಬಂದರೆ ಮೊದಲು ಕಣ್ಣಿಗೆ ಬೀಳುವ `Sig.` ಅಂದರೆ .270. ‘.05ಕ್ಕಿಂತ ದೊಡ್ಡದು, ಹಾಗಾದರೆ ವ್ಯತ್ಯಾಸವಿಲ್ಲ’ ಎಂದು ಬರೆದುಬಿಟ್ಟರೆ ಇಡೀ ಅಧ್ಯಯನದ ಉತ್ತರವೇ ತಲೆಕೆಳಗಾಗುತ್ತದೆ. ಆ .270 ಲೆವೀನ್ ಪರೀಕ್ಷೆಯದು. ಅದು ಕೇಳುವ ಪ್ರಶ್ನೆ ಬೇರೆ: ಎರಡು ಗುಂಪುಗಳಲ್ಲಿ ಅಂಕಗಳು ಚದುರಿರುವ ಪ್ರಮಾಣ ಒಂದೇ ರೀತಿ ಇದೆಯೇ? ನಿಮ್ಮ ಪ್ರಶ್ನೆ ಸರಾಸರಿಯ ಬಗ್ಗೆ, ಅಲ್ವಾ? ಅದರ ಉತ್ತರ ಬಲಗಡೆಯ `Sig. (2-tailed)` ಕಾಲಂನಲ್ಲಿದೆ. ಎಸ್‌ಪಿಎಸ್‌ಎಸ್‌ನ ಹೊಸ ಆವೃತ್ತಿಗಳಲ್ಲಿ ಇದು `One-Sided p` ಮತ್ತು `Two-Sided p` ಎಂದು ಎರಡು ಕಾಲಂಗಳಾಗಿದೆ. ಒಂದೇ ದಿಕ್ಕಿನ ಪ್ರಾಕ್ಕಲ್ಪನೆಯನ್ನು ದತ್ತಾಂಶ ನೋಡುವ ಮೊದಲೇ ಬರೆದಿರದಿದ್ದರೆ ಎರಡನೆಯದನ್ನೇ ತೆಗೆದುಕೊಳ್ಳಿ.

ಇನ್ನು ಮೇಲಿನ ಸಾಲೋ ಕೆಳಗಿನ ಸಾಲೋ? ರೂಢಿಯ ಉತ್ತರ ಹೀಗಿದೆ: ಲೆವೀನ್ `Sig.` .05ಕ್ಕಿಂತ ದೊಡ್ಡದಾಗಿದ್ದರೆ ಮೇಲಿನ ಸಾಲು, ಚಿಕ್ಕದಾಗಿದ್ದರೆ ಕೆಳಗಿನದು. ನನ್ನ ಸಲಹೆ ಬೇರೆ. ಯಾವಾಗಲೂ ಕೆಳಗಿನ ಸಾಲನ್ನೇ ಬಳಸಿ. ಅದು ವೆಲ್ಚ್ ಟಿ-ಪರೀಕ್ಷೆ. ಚದುರುವಿಕೆ ಸಮವಾಗಿದ್ದರೂ ಅದರಿಂದ ನಷ್ಟ ಬಹಳ ಕಡಿಮೆ, ನಮ್ಮ ಉದಾಹರಣೆಯಲ್ಲಿ .035 ಇದ್ದದ್ದು .036 ಆಗಿದೆ ಅಷ್ಟೇ. ಸಮವಾಗಿಲ್ಲದಿದ್ದರೆ, ಅದರಲ್ಲೂ ಗುಂಪುಗಳ ಗಾತ್ರ ಬೇರೆ ಬೇರೆ ಇದ್ದರೆ, ಅದು ದೊಡ್ಡ ತಪ್ಪಿನಿಂದ ಕಾಪಾಡುತ್ತದೆ. ನಿಮ್ಮ ಗೈಡ್ ಲೆವೀನ್ ದಾರಿಯನ್ನೇ ಹಿಡಿಯಲು ಹೇಳಿದರೆ ಹಾಗೇ ಮಾಡಿ, ಅದೇನೂ ಅಪರಾಧವಲ್ಲ. ಆದರೆ ಯಾವ ಸಾಲು ಎನ್ನುವುದನ್ನು ಮೂರನೇ ಅಧ್ಯಾಯದಲ್ಲಿ ಹೇಳಿ, ಕೊನೆಯವರೆಗೂ ಅದನ್ನೇ ಪಾಲಿಸಿ. ಒಂದು ಕೋಷ್ಟಕಕ್ಕೆ ಮೇಲಿನ ಸಾಲು, ಇನ್ನೊಂದಕ್ಕೆ ಕೆಳಗಿನದು, ಯಾವುದು ಚೆನ್ನಾಗಿ ಕಾಣುತ್ತದೋ ಅದು ಎಂದು ಆರಿಸಬಾರದು.

`df` ಕಾಲಂನಲ್ಲಿ 57.345 ಎಂಬ ದಶಾಂಶ ಕಂಡು ಗಾಬರಿಯಾಗಬೇಡಿ. ವೆಲ್ಚ್ ಲೆಕ್ಕದಲ್ಲಿ ಅದು ಹಾಗೇ ಬರುತ್ತದೆ. 57.35 ಎಂದು ಬರೆಯಿರಿ.

ಆರ್‌ನಲ್ಲಿ ಮಾಡಿದವರಿಗೆ

```r
t.test(uttara ~ gumpu, data = d)
effectsize::cohens_d(uttara ~ gumpu, data = d)
```

ಮೊದಲ ಆಜ್ಞೆ ಕೊಡುವ ಉತ್ತರದಲ್ಲಿ ನಮಗೆ ಬೇಕಾದ ಸಾಲುಗಳು ಇವು. ದಶಾಂಶಗಳನ್ನು ಸ್ವಲ್ಪ ಕತ್ತರಿಸಿದ್ದೇನೆ:

```
t = 2.148, df = 57.345, p-value = 0.036
95 percent confidence interval:
 0.186 5.301
```

ಆರ್ ಏನೂ ಹೇಳದೆಯೇ ವೆಲ್ಚ್ ಪರೀಕ್ಷೆ ಮಾಡುತ್ತದೆ. ಎಸ್‌ಪಿಎಸ್‌ಎಸ್‌ನ ಮೇಲಿನ ಸಾಲು ಬೇಕಿದ್ದರೆ `var.equal = TRUE` ಎಂದು ಸೇರಿಸಬೇಕು. ಗೆಳತಿ ಎಸ್‌ಪಿಎಸ್‌ಎಸ್‌ನಲ್ಲಿ 2.159 ಪಡೆದು, ನೀವು ಆರ್‌ನಲ್ಲಿ 2.148 ಪಡೆದರೆ ಯಾರದ್ದೂ ತಪ್ಪಲ್ಲ. ಲೆವೀನ್ ಪರೀಕ್ಷೆಯಲ್ಲೂ ಇಂಥದ್ದೇ ಒಂದು ಗೊಂದಲವಿದೆ. `car` ಪ್ಯಾಕೇಜಿನ `leveneTest` ಮಧ್ಯಾಂಕವನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ, ಎಸ್‌ಪಿಎಸ್‌ಎಸ್‌ನ ಈ ಕೋಷ್ಟಕ ಸರಾಸರಿಯನ್ನು ಇಟ್ಟುಕೊಳ್ಳುತ್ತದೆ. ಹಾಗಾಗಿ ಎರಡರ `F` ಬೆಲೆ ಹೊಂದುವುದಿಲ್ಲ.

ಇನ್ನೊಂದು ಸಂಗತಿ ಋಣ ಚಿಹ್ನೆಯದು. ಗುಂಪಿನ ಹೆಸರುಗಳನ್ನು ಅಕ್ಷರಗಳಲ್ಲಿ ಟೈಪ್ ಮಾಡಿದ್ದರೆ ಆರ್ ಅವನ್ನು ಅಕಾರಾದಿಯಾಗಿ ಜೋಡಿಸುತ್ತದೆ. `Niyantrita` ಮೊದಲು, `Prayogika` ಆಮೇಲೆ. ಆಗ ಆರ್ ನಿಯಂತ್ರಿತ ಗುಂಪಿನಿಂದ ಪ್ರಾಯೋಗಿಕ ಗುಂಪನ್ನು ಕಳೆಯುತ್ತದೆ, `t = -2.148` ಬರುತ್ತದೆ. ಫಲಿತಾಂಶವೇನೂ ಬದಲಾಗಿಲ್ಲ, ಕಳೆದ ದಿಕ್ಕು ಬದಲಾಗಿದೆ. ಕೆಳಗಿನ ಸಾಲನ್ನು ಮೊದಲೇ ಕೊಟ್ಟರೆ ಮೇಲೆ ತೋರಿಸಿದಂತೆ ಧನ ಬೆಲೆಯೇ ಬರುತ್ತದೆ:

```r
d$gumpu <- factor(d$gumpu, levels = c("Prayogika", "Niyantrita"))
```

ಎಷ್ಟು ದೊಡ್ಡ ವ್ಯತ್ಯಾಸ?

`p` ಬೆಲೆ ಏನು ಹೇಳುತ್ತದೆ ಎನ್ನುವುದನ್ನು ಒಮ್ಮೆ ಸರಿಯಾಗಿ ಹಿಡಿದುಕೊಳ್ಳೋಣ. ನಿಜಕ್ಕೂ ಎರಡು ವಿಧಾನಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದುಕೊಳ್ಳಿ. ಆಗಲೂ ಸುಮ್ನೆ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಿಸುವ ಸಂಭವ ನೂರಕ್ಕೆ ಸುಮಾರು 3.6. ಇಷ್ಟೇ ಅದರ ಅರ್ಥ. ‘ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಾಧ್ಯತೆ 3.6%’ ಎಂದಾಗಲೀ ‘ಹೊಸ ವಿಧಾನ 96.4% ಪರಿಣಾಮಕಾರಿ’ ಎಂದಾಗಲೀ ಬರೆದರೆ ತಪ್ಪು. ವ್ಯತ್ಯಾಸದ ಗಾತ್ರದ ಬಗ್ಗೆ `p` ಏನನ್ನೂ ಹೇಳುವುದಿಲ್ಲ.

ಗಾತ್ರ ಹೇಳುವುದು ಮೊದಲು ಅಂಕಗಳಲ್ಲಿ. 19.84ರಿಂದ 17.10 ಕಳೆದರೆ 2.74. ಮೂವತ್ತು ಅಂಕದ ಪರೀಕ್ಷೆಯಲ್ಲಿ ಸುಮಾರು ಮೂರು ಅಂಕ. ಪ್ರತಿ ಪ್ರಶ್ನೆಗೂ ಒಂದು ಅಂಕವಿದ್ದರೆ, ಚಟುವಟಿಕೆಯ ಗುಂಪಿನ ಮಕ್ಕಳು ಸರಾಸರಿ ಮೂರು ಪ್ರಶ್ನೆಗಳಿಗೆ ಜಾಸ್ತಿ ಸರಿ ಉತ್ತರ ಬರೆದರು. ಶಾಲೆಯಲ್ಲಿ ಪಾಠ ಮಾಡುವ ಯಾರಿಗಾದರೂ ಈ ಮಾತು ತಕ್ಷಣ ಅರ್ಥವಾಗುತ್ತದೆ.

ಆಮೇಲೆ ಕಾನ್ಫಿಡೆನ್ಸ್ ಇಂಟರ್ವಲ್. 0.19ರಿಂದ 5.30. ಇದೇ ಔಟ್‌ಪುಟ್‌ನ ಅತ್ಯಂತ ಪ್ರಾಮಾಣಿಕ ಭಾಗ ಎಂದು ನನಗನ್ನಿಸುತ್ತದೆ. ನಿಜವಾದ ವ್ಯತ್ಯಾಸ ಐದು ಅಂಕದಷ್ಟು ದೊಡ್ಡದಿರಬಹುದು, ಅಥವಾ ಅರ್ಧ ಅಂಕಕ್ಕಿಂತಲೂ ಕಡಿಮೆ ಇರಬಹುದು. 62 ಮಕ್ಕಳಿಂದ ಇದಕ್ಕಿಂತ ನಿಖರವಾಗಿ ಹೇಳಲು ಆಗುವುದಿಲ್ಲ. ‘ಸಾರ್ಥಕ ವ್ಯತ್ಯಾಸ ಕಂಡುಬಂದಿದೆ’ ಎಂದು ನಿಲ್ಲಿಸಿದರೆ ಈ ಅನಿಶ್ಚಿತತೆ ಓದುಗರಿಗೆ ಕಾಣುವುದೇ ಇಲ್ಲ.

ಕೊನೆಗೆ ಪರಿಣಾಮದ ಗಾತ್ರ, ಅಂದರೆ ಕೊಹೆನ್ `d`. ಸರಾಸರಿಗಳ ವ್ಯತ್ಯಾಸವನ್ನು ಎರಡೂ ಗುಂಪುಗಳ ಒಟ್ಟುಗೂಡಿಸಿದ ಮಾನಕ ವಿಚಲನೆಯಿಂದ ಭಾಗಿಸಿದರೆ ಸಿಗುತ್ತದೆ. ನಮ್ಮಲ್ಲಿ ಆ ವಿಚಲನೆ 5.00. ಹಾಗಾಗಿ:

```
d = 2.74 / 5.00 = 0.55
```

ಎಸ್‌ಪಿಎಸ್‌ಎಸ್‌ನ ಹೊಸ ಆವೃತ್ತಿಗಳು ಇದನ್ನು `Independent Samples Effect Sizes` ಎಂಬ ಬೇರೆ ಕೋಷ್ಟಕದಲ್ಲಿ ಕೊಡುತ್ತವೆ. ಅಲ್ಲಿ `Point Estimate` ಕಾಲಂ ನೋಡಿ. ಪಕ್ಕದ `Standardizer` ಕಾಲಂನಲ್ಲಿರುವುದು ವಿಚಲನೆ. ಅದನ್ನೇ `d` ಎಂದುಕೊಂಡು 5.00 ಬರೆದರೆ ಅಸಾಧ್ಯದ ಫಲಿತಾಂಶವಾಗುತ್ತದೆ. ಹಳೆಯ ಆವೃತ್ತಿಯಾದರೆ ಕೈಯಲ್ಲೇ ಭಾಗಿಸಿ.

0.2 ಚಿಕ್ಕದು, 0.5 ಮಧ್ಯಮ, 0.8 ದೊಡ್ಡದು ಎಂಬ ಕೊಹೆನ್ ಅಳತೆಯನ್ನು ಎಲ್ಲರೂ ಹೇಳುತ್ತಾರೆ. ಅದು ಬೇರೆ ಆಧಾರ ಸಿಗದಿದ್ದಾಗ ಬಳಸುವ ಅಂದಾಜು. ನಿಮ್ಮ ಎರಡನೇ ಅಧ್ಯಾಯದಲ್ಲಿ ಪರಿಶೀಲಿಸಿದ ಅಧ್ಯಯನಗಳಲ್ಲಿ ಎಷ್ಟು ಬಂದಿತ್ತು ಎಂದು ಹೋಲಿಸಿದರೆ ಅದಕ್ಕಿಂತ ಚೆನ್ನಾಗಿರುತ್ತದೆ. ಆ ಹೋಲಿಕೆಯ ಜಾಗ ಐದನೇ ಅಧ್ಯಾಯ.

ಈಗ ಬರೆಯೋಣ

ಮೊದಲು ಸಾಮಾನ್ಯವಾಗಿ ಬರುವ ಕರಡು:

> ಮೇಲಿನ ಕೋಷ್ಟಕದಿಂದ ತಿಳಿದುಬರುವುದೇನೆಂದರೆ ಪಡೆದ ಟಿ ಬೆಲೆ 2.159 ಆಗಿದ್ದು ಇದು 0.05 ಮಟ್ಟದಲ್ಲಿ 60 ಡಿಎಫ್‌ಗೆ ಇರುವ ಕೋಷ್ಟಕ ಬೆಲೆ 2.00ಕ್ಕಿಂತ ಹೆಚ್ಚಾಗಿರುವುದರಿಂದ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲಾಗಿದೆ. ಆದ್ದರಿಂದ ಚಟುವಟಿಕೆ ವಿಧಾನವು ಅತ್ಯಂತ ಪರಿಣಾಮಕಾರಿ ಎಂದು ಸಾಬೀತಾಗಿದೆ.

ಇದರಲ್ಲಿ ಲೆಕ್ಕದ ತಪ್ಪಿಲ್ಲ. ಆದರೆ ಕೋಷ್ಟಕ ಬೆಲೆಯೊಂದಿಗೆ ಹೋಲಿಸುವುದು ಕಂಪ್ಯೂಟರ್ ಇಲ್ಲದ ಕಾಲದ ಪದ್ಧತಿ. ಆಗ ನಿಖರವಾದ `p` ಸಿಗುತ್ತಿರಲಿಲ್ಲ, ಪುಸ್ತಕದ ಹಿಂದಿನ ಟಿ ಕೋಷ್ಟಕವೇ ಆಧಾರ. ಈಗ `p` ಕಣ್ಣೆದುರೇ ಇರುವಾಗ 2.00 ಎಂಬ ಬೆಲೆ ಓದುಗರಿಗೆ ಹೊಸದೇನನ್ನೂ ಕೊಡುವುದಿಲ್ಲ. ಯಾವ ಗುಂಪು ಮುಂದೆ ಎನ್ನುವುದೂ ಈ ಪ್ಯಾರಾದಲ್ಲಿಲ್ಲ, ಎಷ್ಟು ಮುಂದೆ ಎನ್ನುವುದೂ ಇಲ್ಲ. ‘ಅತ್ಯಂತ ಪರಿಣಾಮಕಾರಿ’, ‘ಸಾಬೀತಾಗಿದೆ’ ಎಂಬ ಎರಡು ಮಾತುಗಳಿಗೂ ಔಟ್‌ಪುಟ್‌ನಲ್ಲಿ ಎಲ್ಲೂ ಆಧಾರವಿಲ್ಲ.

ಅದೇ ಅಂಕಿಗಳಿಂದ ನಾನು ಬರೆಯುವ ಪ್ಯಾರಾ ಇದು:

> ಕಾಗದ ಮಡಚುವ ಚಟುವಟಿಕೆಗಳ ಮೂಲಕ ಕಲಿತ ಮಕ್ಕಳು ಭಿನ್ನರಾಶಿಯ ಉತ್ತರ ಪರೀಕ್ಷೆಯಲ್ಲಿ ಎಂದಿನ ಪಾಠ ಕೇಳಿದ ಮಕ್ಕಳಿಗಿಂತ ಸರಾಸರಿ 2.74 ಅಂಕ ಹೆಚ್ಚು ಪಡೆದರು. 30 ಅಂಕಗಳಿಗೆ ಪ್ರಾಯೋಗಿಕ ಗುಂಪಿನ ಸರಾಸರಿ 19.84 (ಮಾನಕ ವಿಚಲನೆ 4.62), ನಿಯಂತ್ರಿತ ಗುಂಪಿನ ಸರಾಸರಿ 17.10 (ಮಾನಕ ವಿಚಲನೆ 5.38). ವೆಲ್ಚ್ ಟಿ-ಪರೀಕ್ಷೆಯ ಪ್ರಕಾರ ಈ ವ್ಯತ್ಯಾಸ .05 ಮಟ್ಟದಲ್ಲಿ ಸಾರ್ಥಕವಾಗಿದೆ, t(57.35) = 2.15, p = .036, d = 0.55. ಆದ್ದರಿಂದ ಮೊದಲ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲಾಗಿದೆ. ವ್ಯತ್ಯಾಸದ 95% ಕಾನ್ಫಿಡೆನ್ಸ್ ಇಂಟರ್ವಲ್ 0.19ರಿಂದ 5.30 ಅಂಕಗಳವರೆಗೆ ಚಾಚಿದೆ. ಅಂದರೆ ವ್ಯತ್ಯಾಸದ ದಿಕ್ಕು ಪ್ರಾಯೋಗಿಕ ಗುಂಪಿನ ಪರವಾಗಿದ್ದರೂ ಅದರ ಗಾತ್ರವನ್ನು ಈ ಅಧ್ಯಯನದಿಂದ ನಿಖರವಾಗಿ ಹೇಳಲಾಗದು.

ಮೊದಲ ವಾಕ್ಯದಲ್ಲಿ ಒಂದು ಅಂಕಿ ಮಾತ್ರ ಇದೆ, ಅದೂ ಅಂಕಗಳ ಲೆಕ್ಕದಲ್ಲಿ. ಓದುಗರಿಗೆ ಉತ್ತರ ಮೊದಲು ಸಿಗಬೇಕು, ಸಾಕ್ಷಿ ಆಮೇಲೆ ಬರಬೇಕು. ಎರಡನೇ ವಾಕ್ಯ ಆ 2.74 ಎಲ್ಲಿಂದ ಬಂತು ಎಂದು ತೋರಿಸುತ್ತದೆ. ಮೂರನೆಯದರಲ್ಲಿ ಪರೀಕ್ಷೆಯ ಹೆಸರು ಮತ್ತು ಅಂಕಿಗಳೆಲ್ಲ ಒಂದೇ ಕಡೆ ಇವೆ. ಅದನ್ನು ಕಣ್ಣು ಹಾರಿಸಿ ಓದಿದರೂ ಪ್ಯಾರಾದ ಅರ್ಥ ಕೆಡುವುದಿಲ್ಲ. ಕರಡು ಚೆನ್ನಾಗಿದೆಯೇ ಎಂದು ತಿಳಿಯಲು ಇದೇ ಒಳ್ಳೆಯ ಪರೀಕ್ಷೆ. ಅಂಕಿಗಳ ಗೊಂಚಲನ್ನು ಬೆರಳಿನಿಂದ ಮುಚ್ಚಿ ಓದಿ. ಉಳಿದ ಮಾತು ಪೂರ್ತಿ ವಾಕ್ಯವಾಗಿ ನಿಂತರೆ ಸರಿಯಾಗಿದೆ.

‘ತಿರಸ್ಕರಿಸಲಾಗಿದೆ’ ಎಂಬ ವಾಕ್ಯವನ್ನು ಬಿಡಬೇಡಿ. ಪರೀಕ್ಷಕರು ಪ್ರತಿ ಪ್ರಾಕ್ಕಲ್ಪನೆಗೂ ಅದನ್ನು ಹುಡುಕುತ್ತಾರೆ. ಅದು ಪ್ಯಾರಾದ ಒಂದು ವಾಕ್ಯವಾಗಿರಲಿ, ಪ್ಯಾರಾದ ಏಕೈಕ ತೀರ್ಮಾನ ಆಗದಿರಲಿ. ಹಾಗೆಯೇ .05 ಮಟ್ಟ ಎಂದು ಮೂರನೇ ಅಧ್ಯಾಯದಲ್ಲಿ ಹೇಳಿದ್ದರೆ ಇಲ್ಲಿಯೂ ಅದೇ ಇರಬೇಕು. ಕೆಲವು ಫಲಿತಾಂಶಗಳಿಗೆ .01, ಕೆಲವಕ್ಕೆ .05 ಎಂದು ಔಟ್‌ಪುಟ್ ನೋಡಿಕೊಂಡು ಬದಲಿಸುವುದು ಸರಿಯಲ್ಲ.

ಕೋಷ್ಟಕವನ್ನು ವರ್ಡ್‌ನಲ್ಲಿ ನೀವೇ ಹೊಸದಾಗಿ ಹಾಕಿ. ಎಸ್‌ಪಿಎಸ್‌ಎಸ್‌ನ ಚಿತ್ರ ಅಂಟಿಸಬೇಡಿ. ಇಷ್ಟು ಸಾಕು:

| ಗುಂಪು | ಮಕ್ಕಳು | ಸರಾಸರಿ | ಮಾನಕ ವಿಚಲನೆ |
|---|---|---|---|
| ಪ್ರಾಯೋಗಿಕ | 32 | 19.84 | 4.62 |
| ನಿಯಂತ್ರಿತ | 30 | 17.10 | 5.38 |

ಸರಾಸರಿ, ವಿಚಲನೆ, `t`, `d` ಎಲ್ಲಕ್ಕೂ ಎರಡು ದಶಾಂಶ ಸಾಕು, `p`ಗೆ ಮೂರು. ಎಪಿಎ ಶೈಲಿಯಲ್ಲಿ `p` ಒಂದನ್ನು ಮೀರುವುದಿಲ್ಲವಾದ್ದರಿಂದ ಮುಂದಿನ ಸೊನ್ನೆ ಬರೆಯುವುದಿಲ್ಲ, .036 ಎಂದಷ್ಟೇ. `d` ಒಂದನ್ನು ಮೀರಬಹುದು, ಹಾಗಾಗಿ 0.55. ಎಸ್‌ಪಿಎಸ್‌ಎಸ್ ಎಲ್ಲಾದರೂ `.000` ತೋರಿಸಿದರೆ ಅದು ಸೊನ್ನೆಯಲ್ಲ, ಮೂರು ದಶಾಂಶಕ್ಕೆ ದುಂಡಾಗಿಸಿದ ಬೆಲೆ. `p < .001` ಎಂದು ಬರೆಯಿರಿ.

ವ್ಯತ್ಯಾಸ ಕಾಣದಿದ್ದಾಗ

ನಮ್ಮ ಉದಾಹರಣೆಯಲ್ಲಿ ಪಾಠ ಶುರುವಾಗುವ ಮೊದಲೂ ಎರಡೂ ಗುಂಪುಗಳಿಗೆ ಒಂದು ಪೂರ್ವ ಪರೀಕ್ಷೆ ನಡೆದಿತ್ತು ಎಂದುಕೊಂಡು ಅದರ ಫಲಿತಾಂಶ ನೋಡೋಣ. ಪ್ರಾಯೋಗಿಕ ಗುಂಪಿನ ಸರಾಸರಿ 12.16, ನಿಯಂತ್ರಿತ ಗುಂಪಿನದು 11.83. ವ್ಯತ್ಯಾಸ 0.32 ಅಂಕ, t(59.21) = 0.32, p = .752. (12.16ರಿಂದ 11.83 ಕಳೆದರೆ 0.33 ಬರುತ್ತದಲ್ಲ ಎಂದು ನೀವು ಕೇಳಬಹುದು. ದುಂಡಾಗಿಸುವ ಮೊದಲಿನ ಬೆಲೆಗಳಿಂದ ಕಳೆದರೆ 0.3229. ಯಾವಾಗಲೂ ಔಟ್‌ಪುಟ್‌ನ `Mean Difference` ಕಾಲಂನಿಂದಲೇ ತೆಗೆದುಕೊಳ್ಳಿ.)

ಇಲ್ಲಿ ಬರುವ ವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ: ‘ಶೂನ್ಯ ಪ್ರಾಕ್ಕಲ್ಪನೆಯನ್ನು ಅಂಗೀಕರಿಸಲಾಗಿದೆ. ಎರಡೂ ಗುಂಪುಗಳು ಸಮಾನವಾಗಿದ್ದವು.’ ಎರಡೂ ಜಾಸ್ತಿಯಾದ ಮಾತುಗಳು. ಇದೇ ವ್ಯತ್ಯಾಸದ ಕಾನ್ಫಿಡೆನ್ಸ್ ಇಂಟರ್ವಲ್ ನೋಡಿದರೆ -1.71ರಿಂದ 2.36 ಇದೆ. ಅಂದರೆ ಪ್ರಾಯೋಗಿಕ ಗುಂಪು ಶುರುವಿನಲ್ಲೇ ಎರಡು ಅಂಕ ಮುಂದಿದ್ದಿರಬಹುದು ಎಂಬ ಸಾಧ್ಯತೆಯನ್ನು ಈ ದತ್ತಾಂಶ ತಳ್ಳಿಹಾಕುವುದಿಲ್ಲ. ನಮ್ಮ ಕೊನೆಯ ವ್ಯತ್ಯಾಸ 2.74 ಎನ್ನುವುದನ್ನು ನೆನಪಿಟ್ಟುಕೊಂಡರೆ ಇದು ಚಿಕ್ಕ ವಿಷಯವಲ್ಲ.

ಹಾಗಾಗಿ ಹೀಗೆ ಬರೆಯಿರಿ:

> ಪೂರ್ವ ಪರೀಕ್ಷೆಯಲ್ಲಿ ಎರಡು ಗುಂಪುಗಳ ಸರಾಸರಿಗಳ ನಡುವೆ ಸಾರ್ಥಕ ವ್ಯತ್ಯಾಸ ಕಂಡುಬರಲಿಲ್ಲ (ವ್ಯತ್ಯಾಸ 0.32 ಅಂಕ, 95% ಕಾನ್ಫಿಡೆನ್ಸ್ ಇಂಟರ್ವಲ್ -1.71ರಿಂದ 2.36, t(59.21) = 0.32, p = .752). ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲು ಆಧಾರ ಸಿಗಲಿಲ್ಲ.

‘ಅಂಗೀಕರಿಸಲಾಗಿದೆ’ ಮತ್ತು ‘ತಿರಸ್ಕರಿಸಲು ಆಧಾರ ಸಿಗಲಿಲ್ಲ’ ಎಂಬ ಮಾತುಗಳ ನಡುವೆ ತೆಳುವಾದ ಗೆರೆಯಿದೆ ಎಂದು ಕಾಣಬಹುದು. ಆದರೆ ಸಣ್ಣ ಗುಂಪುಗಳಲ್ಲಿ ವ್ಯತ್ಯಾಸ ಇದ್ದರೂ ಕಾಣದೇ ಹೋಗುವುದು ತುಂಬಾ ಸಾಮಾನ್ಯ. ಕಾಣಲಿಲ್ಲ ಎನ್ನುವುದನ್ನು ಇಲ್ಲ ಎಂದು ಬರೆಯಬಾರದು. ಪೂರ್ವ ಪರೀಕ್ಷೆಯ ಅಂಕಗಳು ಕೈಯಲ್ಲಿದ್ದರೆ ಅವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಆಂಕೋವಾ ಮಾಡುವುದು ಇನ್ನೂ ಒಳ್ಳೆಯದು. ಅದನ್ನು ಸಾರಾಂಶ ಸಲ್ಲಿಸುವ ಹಂತದಲ್ಲೇ ಗೈಡ್ ಜೊತೆ ಮಾತಾಡಿಕೊಳ್ಳಿ, ಟಿ-ಪರೀಕ್ಷೆಯ ಉತ್ತರ ಇಷ್ಟವಾಗಲಿಲ್ಲ ಎಂದು ಆಮೇಲೆ ಸೇರಿಸಬೇಡಿ.

ಎಲ್ಲಿಗೆ ನಿಲ್ಲಿಸಬೇಕು

ನಾಲ್ಕನೇ ಅಧ್ಯಾಯದ ಪ್ಯಾರಾದಲ್ಲಿ ‘ಏಕೆ’ ಬರಬಾರದು. ಕಾಗದ ಮಡಚಿದಾಗ ಅರ್ಧ, ಕಾಲು ಎನ್ನುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಮಕ್ಕಳಿಗೆ ಅರ್ಥವಾಯಿತು ಎಂಬ ಮಾತು ನಿಜವಿರಬಹುದು. ಆದರೆ ಅದು ಟಿ-ಪರೀಕ್ಷೆ ಹೇಳಿದ್ದಲ್ಲ, ನೀವು ಹೇಳುತ್ತಿರುವುದು. ಅದು ಚರ್ಚೆಯ ಅಧ್ಯಾಯಕ್ಕೆ ಸೇರಿದ್ದು.

ಇನ್ನೊಂದು ಮಿತಿ ನಮ್ಮ ಶಾಲಾ ಅಧ್ಯಯನಗಳಿಗೆ ಅಂಟಿಕೊಂಡೇ ಬರುತ್ತದೆ. ನಾವು ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡುವುದಿಲ್ಲ. ಶಾಲೆ ಕೊಟ್ಟ ‘ಎ’ ವಿಭಾಗ, ‘ಬಿ’ ವಿಭಾಗವನ್ನೇ ಇಡಿಯಾಗಿ ತೆಗೆದುಕೊಳ್ಳುತ್ತೇವೆ. ಆಗ ವಿಧಾನದ ಜೊತೆಗೆ ತರಗತಿಯೂ ಬದಲಾಗಿರುತ್ತದೆ. ‘ಎ’ ವಿಭಾಗದ ಗಣಿತದ ಪೀರಿಯಡ್ ಬೆಳಿಗ್ಗೆ, ‘ಬಿ’ ವಿಭಾಗದ್ದು ಊಟವಾದ ಮೇಲೆ ಇರಬಹುದು. ಒಂದು ವಿಭಾಗಕ್ಕೆ ನೀವೇ ಕಲಿಸಿ, ಇನ್ನೊಂದಕ್ಕೆ ಶಾಲೆಯ ಶಿಕ್ಷಕರು ಕಲಿಸಿರಬಹುದು. ಟಿ-ಪರೀಕ್ಷೆಗೆ ಇದ್ಯಾವುದೂ ಗೊತ್ತಿಲ್ಲ. ಅದು ಪ್ರತಿ ಮಗುವಿನ ಅಂಕವೂ ಬೇರೆಯವರ ಅಂಕದಿಂದ ಸ್ವತಂತ್ರ ಎಂದುಕೊಂಡೇ ಲೆಕ್ಕ ಮಾಡುತ್ತದೆ. ಒಂದೇ ತರಗತಿಯಲ್ಲಿ ಕೂತು ಕಲಿತ ಮಕ್ಕಳ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ. ಹೀಗಾಗಿ `p` ಬೆಲೆ ಸ್ವಲ್ಪ ಚಿಕ್ಕದಾಗಿಯೇ ಬಂದಿರುವ ಸಾಧ್ಯತೆ ಇದೆ. ‘ಚಟುವಟಿಕೆ ವಿಧಾನದಿಂದ ಸಾಧನೆ ಹೆಚ್ಚಿತು’ ಎನ್ನುವ ಬದಲು ‘ಚಟುವಟಿಕೆ ವಿಧಾನದಲ್ಲಿ ಕಲಿತ ವಿಭಾಗದ ಸಾಧನೆ ಹೆಚ್ಚಾಗಿತ್ತು’ ಎಂದು ಬರೆಯಿರಿ. ಕಾರಣವನ್ನು ಮಿತಿಗಳ ಭಾಗದಲ್ಲಿ ಎರಡು ವಾಕ್ಯಗಳಲ್ಲಿ ಹೇಳಿ.

ಗೈಡ್‌ಗೆ ಕೊಡುವ ಮೊದಲು

ಅಧ್ಯಾಯವನ್ನು ಪ್ರಿಂಟ್ ತೆಗೆದು, ಪಕ್ಕದಲ್ಲಿ ಔಟ್‌ಪುಟ್ ಇಟ್ಟುಕೊಂಡು, ಪ್ರತಿ ಅಂಕಿಗೂ ಪೆನ್ಸಿಲ್‌ನಲ್ಲಿ ಟಿಕ್ ಹಾಕುತ್ತಾ ಹೋಗಿ. ಆರ್ ಬಳಸುವವರು ಆರ್ ಮಾರ್ಕ್‌ಡೌನ್‌ನಲ್ಲಿ ಅಂಕಿಗಳನ್ನು ನೇರವಾಗಿ ವಾಕ್ಯದೊಳಗೆ ಬರಿಸಿಕೊಂಡರೆ ನಕಲು ಮಾಡುವಾಗಿನ ತಪ್ಪುಗಳು ಆಗುವುದಿಲ್ಲ. ಎಸ್‌ಪಿಎಸ್‌ಎಸ್‌ನವರಿಗೆ ಪೆನ್ಸಿಲ್ಲೇ ಗತಿ.

ಟಿಕ್ ಹಾಕುವಾಗ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದೂ ನೋಡಿ. ಕಾನ್ಫಿಡೆನ್ಸ್ ಇಂಟರ್ವಲ್‌ನ ಎರಡು ತುದಿಗಳ ನಡುವೆ ಸೊನ್ನೆ ಇದ್ದರೆ `p` .05ಕ್ಕಿಂತ ದೊಡ್ಡದಿರಬೇಕು, ಇಲ್ಲದಿದ್ದರೆ ಚಿಕ್ಕದಿರಬೇಕು. 0.19ರಿಂದ 5.30ರ ನಡುವೆ ಸೊನ್ನೆ ಇಲ್ಲ, `p` .036. ಸರಿಯಾಗಿದೆ. -1.71ರಿಂದ 2.36ರ ನಡುವೆ ಸೊನ್ನೆ ಇದೆ, `p` .752. ಅದೂ ಸರಿ. ಇಂಟರ್ವಲ್‌ನ ನಟ್ಟನಡುವಿನ ಬೆಲೆ ಸರಾಸರಿಗಳ ವ್ಯತ್ಯಾಸವೇ ಆಗಿರಬೇಕು. 0.19 ಮತ್ತು 5.30 ಕೂಡಿಸಿ ಎರಡರಿಂದ ಭಾಗಿಸಿದರೆ 2.745 ಬರುತ್ತದೆ, ದುಂಡಾಗಿಸಿದ್ದನ್ನು ಬಿಟ್ಟರೆ ಹೊಂದುತ್ತದೆ. ಮೇಲಿನ ಸಾಲನ್ನು ಬಳಸಿದ್ದರೆ `df`ಗೆ ಎರಡು ಕೂಡಿಸಿದಾಗ ಮಕ್ಕಳ ಒಟ್ಟು ಸಂಖ್ಯೆ ಸಿಗಬೇಕು: 60 ಮತ್ತು 2, ಒಟ್ಟು 62. ಇವುಗಳಲ್ಲಿ ಯಾವುದಾದರೂ ತಪ್ಪಿದರೆ ಎರಡು ಬೇರೆ ಬೇರೆ ಸಾಲುಗಳಿಂದ, ಇಲ್ಲವೇ ದತ್ತಾಂಶ ಸರಿಪಡಿಸುವ ಮೊದಲಿನ ಹಳೆಯ ಔಟ್‌ಪುಟ್‌ನಿಂದ ಅಂಕಿ ಬಂದು ಸೇರಿದೆ ಎಂದರ್ಥ. ಆಗ ಒಂದೊಂದೇ ಅಂಕಿ ತಿದ್ದಲು ಹೋಗಬೇಡಿ. ಪರೀಕ್ಷೆಯನ್ನು ಮತ್ತೆ ಓಡಿಸಿ, ಆ ಪ್ಯಾರಾದ ಎಲ್ಲ ಅಂಕಿಗಳನ್ನೂ ಹೊಸ ಔಟ್‌ಪುಟ್‌ನಿಂದಲೇ ತುಂಬಿ.